"ರೇಟ್ ಫಿಕ್ಸ್ ಆಗಿದೆ" ಅನ್ನುವ ರಿಕ್ರೂಟರ್‌ಗೆ ಅದರಲ್ಲಿ ಸಿಗುವುದೆಷ್ಟು?

ಶ್ರೀಧರ_ಟೆಸ್ಟರ್

ಒಂದು ಸ್ಟಾಫಿಂಗ್ ಏಜೆನ್ಸಿ ಮೂಲಕ 12 ತಿಂಗಳ ಕಾಂಟ್ರಾಕ್ಟ್ ಕೆಲಸಕ್ಕೆ ಇಂಟರ್ವ್ಯೂ ಮುಗಿದಿದೆ, ಆಯ್ಕೆಯೂ ಆಗಿದೆ. ಈಗ ಸಂಬಳದ ಮಾತು. ಲೆಕ್ಕ ಸುಲಭವಾಗಲಿ ಎಂದು ನಿಜವಾದ ಅಂಕಿಗಳನ್ನು 100ರ ಅಳತೆಗೆ ಇಳಿಸಿ ಹೇಳುತ್ತೇನೆ.

ರಿಕ್ರೂಟರ್ ಮೊದಲು ಗಂಟೆಗೆ 64 ಅಂದರು. ನಾನು 70 ಕೇಳಿದೆ. "ಕ್ಲೈಂಟ್ ಕಡೆಯಿಂದ ರೇಟ್ ಫಿಕ್ಸ್ ಆಗಿದೆ, ನನ್ನ ಕೈಯಲ್ಲಿ ಏನೂ ಇಲ್ಲ" ಅಂದರು. ಅದೇ ದಿನ ಸಂಜೆ ಅವರೇ ಫೋನ್ ಮಾಡಿ, "66 ಕೊಡಿಸಿದರೆ ಇವತ್ತೇ ಒಪ್ಪಿಗೆ ಕಳಿಸ್ತೀರಾ?" ಎಂದು ಕೇಳಿದರು. ಫಿಕ್ಸ್ ಆಗಿದ್ದು ಸಂಜೆಯೊಳಗೆ ಹೇಗೆ ಸಡಿಲವಾಯಿತು?

ಇನ್ನೊಂದು ವಿಷಯ. ಇಂಟರ್ವ್ಯೂ ಮಾಡಿದ ಮ್ಯಾನೇಜರ್ ಮಾತಿನ ಮಧ್ಯೆ, ಈ ಜಾಗಕ್ಕೆ ಏಜೆನ್ಸಿಗೆ ಗಂಟೆಗೆ 100 ಕೊಡುತ್ತೇವೆ ಅಂದುಬಿಟ್ಟರು. ಹಾಗಾದರೆ ಉಳಿದ 36 ಯಾರಿಗೆ? ನನ್ನ ಸಂಬಳ ಕಡಿಮೆ ಮಾಡಿದಷ್ಟೂ ಈ ರಿಕ್ರೂಟರ್‌ಗೆ ಲಾಭವಾ?

ಮಂಜು_ಖಡಕ್

ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಗುರು. 100 ಬರುತ್ತೆ, ನಿಮಗೆ 64 ಕೊಡ್ತಾರೆ, 36 ಅವರ ಜೇಬಿಗೆ. ನಿಮ್ಮಿಂದ ಎಷ್ಟು ಕಿತ್ತುಕೊಂಡರೆ ಅಷ್ಟು ಅವರ ಕಮಿಷನ್ ಜಾಸ್ತಿ. 70ಕ್ಕಿಂತ ಒಂದು ಪೈಸೆ ಇಳಿಯಬೇಡಿ. ಅವರು ಹೇಳೋದರಲ್ಲಿ ಒಂದೂ ನಂಬಬೇಡಿ.

ವಸುಧಾ_ಮಾಜಿ_ರಿಕ್ರೂಟರ್

ಮಂಜು ಅವರು ದಿಕ್ಕು ಸರಿಯಾಗಿಯೇ ಹೇಳಿದ್ದಾರೆ, ಅಳತೆ ತಪ್ಪಿದೆ. ನಾನು ಹಿಂದೆ ಇದೇ ಕೆಲಸದಲ್ಲಿದ್ದೆ, ಕಾಂಟ್ರಾಕ್ಟ್ ಡೆಸ್ಕ್‌ನಲ್ಲಿ. ಶ್ರೀಧರ್ ಅವರ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ.

ಕ್ಲೈಂಟ್ ಕೊಡುವ 100 ಬಿಲ್ ರೇಟ್, ನಿಮಗೆ ಬರುವ 64 ಪೇ ರೇಟ್. ನಡುವಿನ 36 ಪೂರ್ತಿ ಲಾಭ ಅಲ್ಲ. ಏಜೆನ್ಸಿಯ ಪೇರೋಲ್‌ನಲ್ಲಿ ನೀವಿದ್ದರೆ ನಿಮ್ಮ ವಿಮೆ, ರಜೆ ಸಂಬಳ, ಉದ್ಯೋಗದಾತರು ಕಟ್ಟಬೇಕಾದ ಪಾಲು ಇವೆಲ್ಲ ಅದರಲ್ಲೇ ಹೋಗಬೇಕು. ಇದು ದೇಶದಿಂದ ದೇಶಕ್ಕೆ ಬೇರೆ. ಸದ್ಯಕ್ಕೆ ಪೇ ರೇಟ್‌ನ ಶೇಕಡಾ 15 ಅಂದುಕೊಳ್ಳಿ, ಅಂದರೆ 9.6. ದೊಡ್ಡ ಕ್ಲೈಂಟ್ ಆದರೆ ಅವರ ವೆಂಡರ್ ಪೋರ್ಟಲ್‌ಗೆ ಒಂದು ಶುಲ್ಕ ಇರುತ್ತದೆ, ಅದಕ್ಕೆ 2 ಹಿಡಿಯಿರಿ. ಉಳಿಯುವುದು 24.4. ಆಫೀಸ್‌ನಲ್ಲಿ ನಾವು ಮಾರ್ಜಿನ್ ಅನ್ನುತ್ತಿದ್ದದ್ದು ಇದನ್ನೇ. ಏಜೆನ್ಸಿಯ ಬಾಡಿಗೆ, ಸಿಬ್ಬಂದಿ ಸಂಬಳ, ಕ್ಲೈಂಟ್ ಎರಡು ತಿಂಗಳು ತಡವಾಗಿ ಹಣ ಕೊಟ್ಟಾಗ ಅಲ್ಲಿಯವರೆಗೆ ನಿಮಗೆ ಸಂಬಳ ಕೊಡುವ ಸಾಲದ ಬಡ್ಡಿ, ಎಲ್ಲ ಇದರಿಂದಲೇ.

ರಿಕ್ರೂಟರ್‌ಗೆ ಬರುವುದು ಈ ಮಾರ್ಜಿನ್‌ನಲ್ಲಿ ಒಂದು ಸಣ್ಣ ಪಾಲು. ಒಂದೊಂದು ಕಡೆ ಒಂದೊಂದು ಥರ. ಶೇಕಡಾ 6 ಅಂತ ಇಟ್ಟುಕೊಳ್ಳಿ. ನೀವು 64ಕ್ಕೆ ಸೇರಿದರೆ ಅವರಿಗೆ ಗಂಟೆಗೆ ಸುಮಾರು 1.46. ನೀವು 70ಕ್ಕೆ ಸೇರಿದರೆ ಮಾರ್ಜಿನ್ 17.5ಕ್ಕೆ ಇಳಿಯುತ್ತದೆ, ಅವರ ಪಾಲು 1.05. ತಿಂಗಳಿಗೆ 160 ಗಂಟೆ ಅಂದರೆ ಮೊದಲನೆಯದರಲ್ಲಿ 234, ಎರಡನೆಯದರಲ್ಲಿ 168. ವ್ಯತ್ಯಾಸ 66.

ಈಗ ಅವರ ಜಾಗದಲ್ಲಿ ನಿಂತು ನೋಡಿ. ನಿಮ್ಮ ಸಂಬಳ ಹಿಡಿದಿಟ್ಟರೆ ತಿಂಗಳಿಗೆ 66 ಜಾಸ್ತಿ. ನೀವು ಬೇಸತ್ತು ಬಿಟ್ಟು ಹೋದರೆ 168ಕ್ಕೂ ಕುತ್ತು, ಅದೂ 12 ತಿಂಗಳಿಗೆ. ಹಾಗಾಗಿ ಅವರಿಗೆ ನಿಮ್ಮ ಸಂಬಳ ಕಡಿಮೆ ಆಗಬೇಕು ಅನ್ನುವುದಕ್ಕಿಂತ ಬಲವಾದ ಆಸೆ, ಈ ಮಾತು ಬೇಗ ಮುಗಿಯಬೇಕು ಅನ್ನುವುದು. "ಇವತ್ತೇ ಒಪ್ಪಿಗೆ ಕಳಿಸ್ತೀರಾ" ಅನ್ನುವುದು ಅಲ್ಲಿಂದ ಬಂದ ಮಾತು.

ಶ್ರೀಧರ_ಟೆಸ್ಟರ್

ಲೆಕ್ಕ ಅರ್ಥವಾಯಿತು ಮೇಡಂ. ಆದರೂ ನನ್ನ ಪ್ರಶ್ನೆ ಉಳಿದೇ ಇದೆ. 70 ಕೊಟ್ಟರೂ ಅವರಿಗೆ ಲಾಭವೇ ಅಂದಮೇಲೆ "ಫಿಕ್ಸ್" ಅಂತ ಯಾಕೆ ಅನ್ನಬೇಕಿತ್ತು?

ವಸುಧಾ_ಮಾಜಿ_ರಿಕ್ರೂಟರ್

ಏಜೆನ್ಸಿಯ ಒಳಗೆ ಒಂದು ಗೆರೆ ಇರುತ್ತದೆ. ಮಾರ್ಜಿನ್ ಇಷ್ಟಕ್ಕಿಂತ ಕೆಳಗೆ ಇಳಿದರೆ ರಿಕ್ರೂಟರ್ ತಾನೇ ಒಪ್ಪುವಂತಿಲ್ಲ, ಮೇಲಿನವರ ಅನುಮತಿ ಬೇಕು. ನಿಮ್ಮ ಏಜೆನ್ಸಿಯಲ್ಲಿ ಆ ಗೆರೆ 20 ಅಂತ ಊಹಿಸಿಕೊಳ್ಳಿ. 66ಕ್ಕೆ ಮಾರ್ಜಿನ್ 22.1. 67ಕ್ಕೆ 20.95. 68ಕ್ಕೆ 19.8, ಅಂದರೆ ಗೆರೆ ದಾಟಿತು. ಅಲ್ಲಿಗೆ ಅವರು ಯಾರನ್ನೂ ಕೇಳದೆ ಕೊಡಬಹುದಾದದ್ದು 67ರವರೆಗೆ. ನೀವು 70 ಕೇಳಿದಾಗ "ನನ್ನ ಕೈಯಲ್ಲಿ ಇಲ್ಲ" ಅಂದದ್ದು ನಿಜವೇ. "ಕ್ಲೈಂಟ್ ಕಡೆಯಿಂದ ಫಿಕ್ಸ್" ಅಂದದ್ದು ಅರ್ಧ ನಿಜ. ಕ್ಲೈಂಟ್ ಫಿಕ್ಸ್ ಮಾಡಿದ್ದು 100ನ್ನು, 64ನ್ನಲ್ಲ.

ಮೊದಲ ಮಾತಿಗೇ 64 ಯಾಕೆ ಅಂದರೆ, ಕೊನೆಗೆ ಕೊಡಲು ಏನಾದರೂ ಕೈಯಲ್ಲಿರಲಿ ಅಂತ. ನಾವೂ ಹಾಗೇ ಮಾಡುತ್ತಿದ್ದೆವು. ಮೊದಲೇ 67 ಅಂದರೆ ಜನ 72 ಕೇಳುತ್ತಾರೆ, ಮತ್ತೆ ಬಿಟ್ಟುಕೊಡಲು ಏನೂ ಇರುವುದಿಲ್ಲ.

ಗೀತಾ_ಎನ್

ನನಗೆ ಒಂದು ಡೌಟು. ಈ ಶೇಕಡಾ 6 ನಮ್ಮ ಸಂಬಳದಲ್ಲೇ ಕಡಿದುಕೊಳ್ಳುತ್ತಾರಾ? ನನ್ನ ತಂಗಿಗೆ ಒಂದು ಏಜೆನ್ಸಿಯವರು ಕೆಲಸ ಕೊಡಿಸುತ್ತೇವೆ, ಮೊದಲು ರಿಜಿಸ್ಟ್ರೇಷನ್ ಹಣ ಕಟ್ಟಿ ಅಂದಿದ್ದಾರೆ. ಅದೂ ಇದೇ ಕಮಿಷನ್ನಾ?

ವಸುಧಾ_ಮಾಜಿ_ರಿಕ್ರೂಟರ್

ಎರಡೂ ಬೇರೆ ಗೀತಾ ಅವರೇ. ಇಲ್ಲಿ ಹೇಳುತ್ತಿರುವ ಕಮಿಷನ್ ಕ್ಲೈಂಟ್ ಕೊಟ್ಟ ಹಣದಲ್ಲಿ ಹೋಗುತ್ತದೆ. ನಿಮಗೆ ಹೇಳಿದ ಪೇ ರೇಟ್‌ನಲ್ಲಿ ಮತ್ತೆ ಕಡಿಯುವಂತಿಲ್ಲ. ಕೆಲಸ ಹುಡುಕುವವರಿಂದಲೇ ಹಣ ಕೇಳುವುದು ಪೂರ್ತಿ ಬೇರೆ ವಿಷಯ. ಖಾಸಗಿ ಉದ್ಯೋಗ ಏಜೆನ್ಸಿಗಳ ಬಗ್ಗೆ 1997ರಲ್ಲಿ ಆದ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದರೆ ಐಎಲ್‌ಒದ 181ನೇ ಒಪ್ಪಂದದ 7ನೇ ವಿಧಿ, ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಎನ್ನುತ್ತದೆ. ಕೆಲವು ವಿನಾಯಿತಿಗಳಿವೆ, ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ. ಆದರೂ ಕೆಲಸಕ್ಕೆ ಮುಂಚೆ ಹಣ ಕೇಳುವವರಿಗೆ ನಿಮ್ಮ ತಂಗಿಯನ್ನು ಕೆಲಸಕ್ಕೆ ಸೇರಿಸಲೇಬೇಕು ಅನ್ನುವ ಅಗತ್ಯವೇ ಇಲ್ಲ ಅಲ್ವಾ, ಹಣ ಬಂದಾಯಿತು. ಕಟ್ಟಬೇಡಿ ಅಂತ ಹೇಳಿ.

ಅಕ್ಷಯ್_ಫೈನಾನ್ಸ್

ನನ್ನದು ಉಲ್ಟಾ ಕೇಸು. ಕಾಯಂ ಕೆಲಸ. ಏಜೆನ್ಸಿಗೆ ನನ್ನ ವರ್ಷದ ಸಂಬಳದ ಶೇಕಡಾ 20 ಫೀಸು. ರಿಕ್ರೂಟರ್ ಮೊದಲ ದಿನವೇ "ನಿಮ್ಮ ಸಂಬಳ ಜಾಸ್ತಿಯಾದಷ್ಟೂ ನನಗೂ ಜಾಸ್ತಿ, ನಾವಿಬ್ಬರೂ ಒಂದೇ ಕಡೆ" ಅಂದರು. ನನಗೂ ಸರಿ ಅನ್ನಿಸಿತು. ಆಫರ್ ಬಂದಾಗ ನಾನು ಶೇಕಡಾ 8 ಜಾಸ್ತಿ ಕೇಳೋಣ ಅಂದೆ. ತಕ್ಷಣ ಮಾತಿನ ಧಾಟಿಯೇ ಬದಲಾಯಿತು. "ಇನ್ನೂ ಇಬ್ಬರು ಕಾಯುತ್ತಿದ್ದಾರೆ, ಎಳೆಯಬೇಡಿ" ಅಂದರು. ಒಂದೇ ಕಡೆ ಇದ್ದವರು ಅವತ್ತು ಎಲ್ಲಿ ಹೋದರು?

ವಸುಧಾ_ಮಾಜಿ_ರಿಕ್ರೂಟರ್

ಸಂಬಳ 100 ಅಂದರೆ ಫೀಸು 20. ಅದರಲ್ಲಿ ರಿಕ್ರೂಟರ್ ಪಾಲು ಹತ್ತರಲ್ಲಿ ಒಂದು ಅಂತ ಹಿಡಿದರೆ 2. ಸಂಬಳ 108 ಆದರೆ ಫೀಸು 21.6, ಅವರ ಪಾಲು 2.16. ನಿಮಗೆ 8 ಜಾಸ್ತಿ, ಅವರಿಗೆ 0.16. ಆ 0.16ಕ್ಕಾಗಿ ಕೈಗೆ ಬಂದ 2ನ್ನು ಪಣಕ್ಕಿಡಬೇಕು. ಯಾರು ಇಡುತ್ತಾರೆ? ಮನೆ ಮಾರಿಸುವ ದಲ್ಲಾಳಿ ಕೊನೆಯ ಚೌಕಾಸಿಯಲ್ಲಿ "ಸಾಕು ಬಿಡಿ, ಮುಗಿಸಿ" ಅನ್ನುವುದೂ ಇದಕ್ಕೇ.

ಹಾಗಂತ ಅವರು ಸುಳ್ಳು ಹೇಳಿದರು ಅಂತಲ್ಲ. ಆಫರ್ ಬರುವವರೆಗೆ ನಿಮ್ಮಿಬ್ಬರ ಆಸೆ ನಿಜವಾಗಿಯೂ ಒಂದೇ. ಸಂಬಳದ ಮೊದಲ ಅಂಕಿ ಹೇಳುವಾಗ ಅವರು ಧೈರ್ಯವಾಗಿಯೇ ಹೇಳುತ್ತಾರೆ, ಕ್ಲೈಂಟ್‌ನ ಬಜೆಟ್ ಅವರಿಗೆ ಗೊತ್ತಿರುತ್ತದೆ. ಆಫರ್ ಕಾಗದ ಬಂದ ಗಳಿಗೆಯಿಂದ ದಾರಿ ಬೇರೆ. ಅದಕ್ಕೇ ಕಾಯಂ ಕೆಲಸದಲ್ಲಿ ನಿಮಗೆ ಬೇಕಾದ ಅಂಕಿಯನ್ನು ಆಫರ್‌ಗೆ ಮುಂಚೆಯೇ ರಿಕ್ರೂಟರ್ ಬಾಯಲ್ಲಿ ಕ್ಲೈಂಟ್‌ಗೆ ತಲುಪಿಸಬೇಕು. ಆಗ ಅವರು ನಿಮ್ಮ ಪರ ವಾದಿಸುತ್ತಾರೆ. ಆಮೇಲೆ ಕೇಳಿದರೆ ಕ್ಲೈಂಟ್ ಪರ ವಾದಿಸುತ್ತಾರೆ.

ಇನ್ನೊಂದು ಗಮನಿಸಿ. ಸೇರಿದ ಮೇಲೆ ಅವರು ಆಗಾಗ ಫೋನ್ ಮಾಡಿ "ಹೇಗಿದೆ, ಹೊಂದಿಕೊಂಡ್ರಾ?" ಎಂದು ಕೇಳಿರಬೇಕು.

ಅಕ್ಷಯ್_ಫೈನಾನ್ಸ್

ಹೌದು! ಮೂರು ತಿಂಗಳು ತಪ್ಪದೆ ಮಾಡಿದರು. ಆಮೇಲೆ ಪತ್ತೆಯೇ ಇಲ್ಲ. ನಾನೇನೋ ಬೇಜಾರು ಮಾಡಿದೆ ಅಂದುಕೊಂಡಿದ್ದೆ.

ವಸುಧಾ_ಮಾಜಿ_ರಿಕ್ರೂಟರ್

ಮೂರು ತಿಂಗಳು ಅಂದರೆ ಬಹುತೇಕ ಅದು ಗ್ಯಾರಂಟಿ ಅವಧಿ. ಅಷ್ಟರೊಳಗೆ ನೀವು ಬಿಟ್ಟರೆ ಏಜೆನ್ಸಿ ಫೀಸು ವಾಪಸ್ ಕೊಡಬೇಕು, ಇಲ್ಲ ಇನ್ನೊಬ್ಬರನ್ನು ಪುಕ್ಕಟೆ ಹುಡುಕಿಕೊಡಬೇಕು. ರಿಕ್ರೂಟರ್ ತೆಗೆದುಕೊಂಡ ಕಮಿಷನ್ನೂ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಆ ಮೂರು ತಿಂಗಳಲ್ಲಿ ನಿಮಗೆ ಹೊಸ ಮ್ಯಾನೇಜರ್ ಜೊತೆ ನಿಜವಾದ ತೊಂದರೆ ಇದ್ದರೆ ರಿಕ್ರೂಟರ್‌ಗೆ ಹೇಳಿ, ಅವರು ನಿಮಗಿಂತ ಜೋರಾಗಿ ಅದನ್ನು ಸರಿಮಾಡಿಸಲು ಓಡಾಡುತ್ತಾರೆ. ಈ ಅವಧಿಯನ್ನು ಬಳಸಿಕೊಳ್ಳುವವರು ಕಡಿಮೆ.

ಹಳೇ ಕಂಪನಿಯವರು ಸಂಬಳ ಏರಿಸಿ ಉಳಿಸಿಕೊಳ್ಳಲು ಬಂದರೆ "ಒಪ್ಪಬೇಡಿ, ಒಪ್ಪಿದವರು ವರ್ಷದೊಳಗೆ ಹೇಗೂ ಬಿಡುತ್ತಾರೆ" ಅಂತ ಎಲ್ಲ ರಿಕ್ರೂಟರ್‌ಗಳೂ ಒಂದೇ ರಾಗದಲ್ಲಿ ಹೇಳುವುದಕ್ಕೂ ಇದೇ ಕಾರಣ. ಕೆಲವರ ಮಟ್ಟಿಗೆ ಅದು ಒಳ್ಳೆಯ ಸಲಹೆಯೇ ಇರಬಹುದು. ಆದರೆ ನೀವು ಉಳಿದುಕೊಂಡರೆ ಅವರಿಗೆ ಸೊನ್ನೆ ಅನ್ನುವುದನ್ನು ನೆನಪಿಟ್ಟುಕೊಂಡು ಕೇಳಿ.

ಮಧುಸೂದನ್_ಖರೀದಿ

ನಾನು ಮೇಜಿನ ಆಚೆ ಬದಿಯವನು. ಕ್ಲೈಂಟ್ ಕಂಪನಿಯಲ್ಲಿ ಏಜೆನ್ಸಿಗಳ ಜೊತೆ ಕರಾರು ಮಾಡುವುದು ನನ್ನ ಕೆಲಸ. ವಸುಧಾ ಅವರ ಲೆಕ್ಕ ಬಿಲ್ ರೇಟ್ ಫಿಕ್ಸ್ ಇದ್ದಾಗ ಮಾತ್ರ ಸರಿ. ನಮ್ಮಲ್ಲಿ ಹಾಗಿಲ್ಲ. ನಾವು ಮಾರ್ಕಪ್ ಫಿಕ್ಸ್ ಮಾಡುತ್ತೇವೆ. ಪೇ ರೇಟ್ ಎಷ್ಟಿದ್ದರೂ ಅದರ ಮೇಲೆ ಶೇಕಡಾ 45, ಅಷ್ಟೇ. ಪೇ ರೇಟ್ 64 ಆದರೆ ನಮಗೆ ಬಿಲ್ 92.8. 66 ಆದರೆ 95.7. ಇಲ್ಲಿ ಸಂಬಳ ಏರಿದರೆ ಏಜೆನ್ಸಿಗೂ ಏರುತ್ತದೆ. ಸಂಬಳ ಕಡಿಮೆ ಮಾಡಿಸುವುದರಲ್ಲಿ ರಿಕ್ರೂಟರ್‌ಗೆ ಒಂದು ಬಿಡಿಗಾಸಿನ ಲಾಭವೂ ಇಲ್ಲ. ತಡೆಯುವುದು ನಾವು ಹಾಕಿದ ಮೇಲ್ಮಿತಿ. ಅದು 100 ಇದ್ದರೆ ಪೇ ರೇಟ್ 69 ಮುಟ್ಟುವಂತಿಲ್ಲ.

ಶ್ರೀಧರ್ ಅವರಿಗೆ ಆ ಮ್ಯಾನೇಜರ್ ಹೇಳಿದ 100 ಬಿಲ್ ರೇಟೋ ಮೇಲ್ಮಿತಿಯೋ? ಮ್ಯಾನೇಜರ್‌ಗಳಿಗೆ ಸಾಮಾನ್ಯವಾಗಿ ಈ ವ್ಯತ್ಯಾಸವೇ ಗೊತ್ತಿರುವುದಿಲ್ಲ. ನಾನು ದಿನಾ ನೋಡುತ್ತೇನೆ.

ಶ್ರೀಧರ_ಟೆಸ್ಟರ್

ಅದು ಗೊತ್ತಿಲ್ಲ ಸರ್. ತಿಳಿದುಕೊಳ್ಳುವುದು ಹೇಗೆ? ರಿಕ್ರೂಟರ್‌ನ್ನೇ "ಬಿಲ್ ರೇಟ್ ಎಷ್ಟು" ಅಂತ ಕೇಳಿಬಿಡಲಾ?

ಮಧುಸೂದನ್_ಖರೀದಿ

ಕೇಳಿ. ತಪ್ಪೇನಿಲ್ಲ. ಹೇಳದಿದ್ದರೆ ಅದೂ ಒಂದು ಮಾಹಿತಿಯೇ.

ವಸುಧಾ_ಮಾಜಿ_ರಿಕ್ರೂಟರ್

ನಾನು ಒಪ್ಪುವುದಿಲ್ಲ. ಬಹಳಷ್ಟು ಕರಾರುಗಳಲ್ಲಿ ಬಿಲ್ ರೇಟ್ ಹೊರಗೆ ಹೇಳಬಾರದು ಅಂತಲೇ ಇರುತ್ತದೆ. ನೇರವಾಗಿ ಕೇಳಿದರೆ ರಿಕ್ರೂಟರ್ ಬಿಗಿಯಾಗುತ್ತಾರೆ, ನಿಮ್ಮನ್ನು "ತೊಂದರೆ ಕೊಡುವ ಕ್ಯಾಂಡಿಡೇಟ್" ಅಂತ ಮನಸ್ಸಲ್ಲೇ ಬರೆದುಕೊಳ್ಳುತ್ತಾರೆ. ಸಂಖ್ಯೆ ಕೇಳಬೇಡಿ, ಬಗೆ ಕೇಳಿ. "ಈ ಕ್ಲೈಂಟ್ ಬಿಲ್ ರೇಟ್ ಫಿಕ್ಸ್ ಮಾಡ್ತಾರಾ, ಮಾರ್ಕಪ್ ಫಿಕ್ಸ್ ಮಾಡ್ತಾರಾ?" ಅಂತ ಕೇಳಿದರೆ ಬಹುತೇಕರು ಹೇಳಿಬಿಡುತ್ತಾರೆ, ಅದರಲ್ಲಿ ಗುಟ್ಟೇನಿಲ್ಲ. ನೀವು ಈ ವ್ಯವಹಾರ ತಿಳಿದವರು ಅನ್ನುವುದೂ ಅವರಿಗೆ ಗೊತ್ತಾಗುತ್ತದೆ.

ಕೇಳದೆಯೂ ಒಂದು ಸುಳಿವು ಸಿಗುತ್ತದೆ. 64ರಿಂದ 66ಕ್ಕೆ ಕೆಲವೇ ಗಂಟೆಗಳಲ್ಲಿ ಏರಿಸಿದರು ಅಲ್ವಾ. ಮಾರ್ಕಪ್ ಫಿಕ್ಸ್ ಆಗಿದ್ದರೆ ಪೇ ರೇಟ್ ಬದಲಾದಾಗ ಬಿಲ್ಲೂ ಬದಲಾಗುತ್ತದೆ, ಅದಕ್ಕೆ ಕ್ಲೈಂಟ್ ಕಡೆಯವರು ಮತ್ತೆ ಒಪ್ಪಬೇಕು. ಸಾಮಾನ್ಯವಾಗಿ ಅಷ್ಟು ಬೇಗ ಆಗುವ ಕೆಲಸ ಅಲ್ಲ. ಅದಕ್ಕೇ ನಿಮ್ಮದು ಬಿಲ್ ರೇಟ್ ಫಿಕ್ಸ್ ಅಂತ ನನ್ನ ಅನುಮಾನ.

ಮಧುಸೂದನ್_ಖರೀದಿ

ಸುಳಿವು ಒಪ್ಪಬಹುದು. ಆದರೆ ಬಿಲ್ ರೇಟ್ ಕೇಳುವುದರಿಂದ ಕೆಡುಕಾಗುತ್ತದೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೇಳಿದವರಿಗೇ ಜಾಸ್ತಿ ಸಿಕ್ಕಿದ್ದನ್ನು ನೋಡಿದ್ದೇನೆ.

ರೂಪಾ_ಆರ್

ಸದ್ಯಕ್ಕೆ ಇದೇ ಕೆಲಸದಲ್ಲಿ ಇರುವವಳು ನಾನು. ಓದುತ್ತಾ ಸ್ವಲ್ಪ ಬೇಜಾರಾಯಿತು. ನಮ್ಮ ಏಜೆನ್ಸಿಯಲ್ಲಿ ಮಾರ್ಜಿನ್ ಪಾಲು ಅನ್ನುವುದೇ ಇಲ್ಲ. ಒಬ್ಬರು ಸೇರಿದರೆ ಇಷ್ಟು ಅಂತ ಒಂದೇ ಮೊತ್ತ. 64ಕ್ಕೆ ಸೇರಲಿ, 70ಕ್ಕೆ ಸೇರಲಿ, ನನಗೆ ಅಷ್ಟೇ. ಹಾಗಾಗಿ ನಿಮ್ಮ ಸಂಬಳ ಕಡಿಮೆ ಮಾಡಿಸುವ ಚಪಲ ನನಗಿಲ್ಲ.

ಇನ್ನು ನಮ್ಮ ಕಡೆಯದ್ದೂ ಕೇಳಿ. ಮೂಲ ಸಂಬಳ ಕಡಿಮೆ. ತಿಂಗಳಿಗೆ ಒಂದು ಮೊತ್ತ ಮುಂಗಡ ಕೊಡುತ್ತಾರೆ, ಅದಕ್ಕೆ ಡ್ರಾ ಅನ್ನುತ್ತೇವೆ. ಆ ತಿಂಗಳ ಕಮಿಷನ್ ಅದಕ್ಕಿಂತ ಕಡಿಮೆಯಾದರೆ ಉಳಿದದ್ದು ಸಾಲವಾಗಿ ಮುಂದಿನ ತಿಂಗಳಿಗೆ ಹೋಗುತ್ತದೆ. ಎರಡು ತಿಂಗಳು ಯಾರೂ ಸೇರಲಿಲ್ಲ ಅಂದರೆ ಮೂರನೇ ತಿಂಗಳು ದುಡಿದದ್ದೆಲ್ಲ ಸಾಲಕ್ಕೇ ಸರಿ. 30ನೇ ತಾರೀಕು ಸೇರಿದರೆ ಈ ತಿಂಗಳ ಲೆಕ್ಕ, 3ನೇ ತಾರೀಕು ಸೇರಿದರೆ ಮುಂದಿನ ತಿಂಗಳು. ಅದಕ್ಕೇ ಬೇಗ ಸೇರಿ ಅಂತ ಪೀಡಿಸುತ್ತೇವೆ.

ಮಂಜು_ಖಡಕ್

ಅಂದರೆ ನಮಗೆ "ಕ್ಲೈಂಟ್‌ಗೆ ತುರ್ತು" ಅನ್ನೋದು ನಿಮ್ಮ ಸಾಲಕ್ಕೆ ತುರ್ತು. ಒಪ್ಪಿಕೊಂಡಿರಲ್ಲ, ಸಾಕು.

ರೂಪಾ_ಆರ್

ಒಮ್ಮೊಮ್ಮೆ ಹೌದು. ಒಮ್ಮೊಮ್ಮೆ ಕ್ಲೈಂಟ್‌ಗೂ ನಿಜವಾಗಿ ತುರ್ತು ಇರುತ್ತದೆ. ಪರೀಕ್ಷೆ ಮಾಡಬೇಕಾ? "ಈ ತಾರೀಕೇ ಬೇಕು ಅಂತ ಕ್ಲೈಂಟ್ ಮೇಲ್‌ನಲ್ಲಿ ಹೇಳಿದ್ದಾರಾ, ಕಳಿಸಿ" ಅಂತ ಕೇಳಿ. ನಿಜವಾದ ತುರ್ತಾದರೆ ಆ ಮೇಲ್ ಇರುತ್ತದೆ. ಇಲ್ಲದಿದ್ದರೆ ನಾವು ಮಾತು ಬದಲಾಯಿಸುತ್ತೇವೆ.

ವಸುಧಾ_ಮಾಜಿ_ರಿಕ್ರೂಟರ್

ರೂಪಾ ಹೇಳಿದ್ದು ಒಳ್ಳೆಯ ಪರೀಕ್ಷೆ. ಒಂದು ತಿದ್ದುಪಡಿ ಮಾತ್ರ. ಒಂದೇ ಮೊತ್ತದ ಕಮಿಷನ್ ಇದ್ದರೆ ಸಂಬಳ ಕಡಿಮೆ ಮಾಡಿಸುವ ಆಸೆ ಇರುವುದಿಲ್ಲ, ನಿಜ. ಹಾಗೇ ಜಾಸ್ತಿ ಕೊಡಿಸಲು ಮ್ಯಾನೇಜರ್ ಜೊತೆ ಜಗಳವಾಡುವ ಆಸೆಯೂ ಇರುವುದಿಲ್ಲ. ಉಳಿಯುವುದು ವೇಗ ಒಂದೇ.

ಶ್ರೀಧರ_ಟೆಸ್ಟರ್

ಇನ್ನೊಂದು ಕೇಳುವುದಿತ್ತು. ಬೇರೆ ಎಲ್ಲೆಲ್ಲಿ ಇಂಟರ್ವ್ಯೂ ಕೊಟ್ಟಿದ್ದೀರಿ, ಯಾವ ಕಂಪನಿ, ಯಾರು ಇಂಟರ್ವ್ಯೂ ಮಾಡಿದರು ಅಂತ ಬಿಡಿಸಿ ಬಿಡಿಸಿ ಕೇಳಿದರು. "ಒಂದೇ ಜಾಗಕ್ಕೆ ಎರಡು ಸಲ ಕಳಿಸಬಾರದಲ್ಲ, ಅದಕ್ಕೆ" ಅಂದರು.

ವಸುಧಾ_ಮಾಜಿ_ರಿಕ್ರೂಟರ್

ಎರಡು ಏಜೆನ್ಸಿಗಳು ಒಬ್ಬರನ್ನೇ ಒಂದು ಕ್ಲೈಂಟ್‌ಗೆ ಕಳಿಸಿದರೆ ಫೀಸು ಯಾರದು ಅನ್ನುವ ಜಗಳ ಬರುತ್ತದೆ. ಎಷ್ಟೋ ಸಲ ಕ್ಲೈಂಟ್ ಬೇಸತ್ತು ಕ್ಯಾಂಡಿಡೇಟ್‌ನ್ನೇ ಬಿಟ್ಟುಬಿಡುತ್ತಾರೆ. ಅದು ನಿಜವಾದ ಭಯ. ಆದರೆ ಅದನ್ನು ತಪ್ಪಿಸಲು ಅವರು ಕಳಿಸಲಿರುವ ಒಂದು ಕಂಪನಿಯ ಹೆಸರು ಹೇಳಿ "ಇಲ್ಲಿಗೆ ಹೋಗಿದ್ದೀರಾ?" ಎಂದು ಕೇಳಿದರೆ ಸಾಕು. ನಿಮಗೆ ಆಗಲೇ ಇಂಟರ್ವ್ಯೂ ಮುಗಿದಿದೆ, ಈಗ ಆ ಪ್ರಶ್ನೆಗೆ ಅರ್ಥವೇ ಇಲ್ಲ.

ಬೇರೆ ಕಂಪನಿಯ ಮ್ಯಾನೇಜರ್ ಹೆಸರು ಬೇಕಾಗುವುದು ಇನ್ನೊಂದಕ್ಕೆ. ಆ ಕಂಪನಿ ಈಗ ಜನ ಹುಡುಕುತ್ತಿದೆ ಅಂತ ಅವರಿಗೆ ಗೊತ್ತಾಯಿತು. ನಾಳೆ ಏಜೆನ್ಸಿಯ ಸೇಲ್ಸ್‌ನವರು ಆ ಮ್ಯಾನೇಜರ್‌ಗೆ ಫೋನ್ ಮಾಡುತ್ತಾರೆ, ತಮ್ಮ ಹತ್ತಿರ ಇರುವ ಬೇರೆಯವರನ್ನು ಅದೇ ಜಾಗಕ್ಕೆ ಕಳಿಸುತ್ತಾರೆ. ನಿಮಗೆ ನೀವೇ ಪೈಪೋಟಿ ತಂದುಕೊಂಡ ಹಾಗೆ. ಇಂಟರ್ವ್ಯೂಗೂ ಮುಂಚೆಯೇ ರೆಫರೆನ್ಸ್‌ಗೆ ಹಳೇ ಮ್ಯಾನೇಜರ್‌ಗಳ ಫೋನ್ ನಂಬರ್ ಕೇಳುವುದೂ ಎಷ್ಟೋ ಕಡೆ ಇದೇ ಆಟ. "ಇನ್ನೊಂದು ಕಡೆ ಕೊನೇ ಸುತ್ತಿನಲ್ಲಿದ್ದೇನೆ" ಅಂತ ಹಂತ ಹೇಳಿ, ಹೆಸರು ಬೇಡ. ರೆಫರೆನ್ಸ್ ಆಫರ್ ಬಂದ ಮೇಲೆ ಕೊಡಿ.

ರೂಪಾ_ಆರ್

ಇದನ್ನು ಮಾತ್ರ ಅಲ್ಲಗಳೆಯಲಾರೆ. ವಾರಕ್ಕೆ ಇಷ್ಟು ಲೀಡ್ ತರಬೇಕು ಅಂತ ನಮಗೂ ಗುರಿ ಇದೆ.

ಶ್ರೀಧರ_ಟೆಸ್ಟರ್

ಇವತ್ತು ಮಾತಾಡಿದೆ. ಮಧುಸೂದನ್ ಸರ್ ಕ್ಷಮಿಸಿ, ಬಿಲ್ ರೇಟ್ ಕೇಳಲಿಲ್ಲ, ಬಗೆ ಕೇಳಿದೆ. "ಬಿಲ್ ರೇಟ್ ಫಿಕ್ಸ್" ಅಂದರು. "ಹಾಗಾದರೆ 67 ಮಾಡಿ, ಇನ್ನೊಂದು ಗಂಟೆಯಲ್ಲಿ ಒಪ್ಪಿಗೆ ಕಳಿಸುತ್ತೇನೆ. 70 ಆಗಬೇಕಾದರೆ ನಿಮ್ಮ ಮ್ಯಾನೇಜರ್‌ನ್ನು ಕೇಳಿ, ನಾನು ಸೋಮವಾರದವರೆಗೆ ಕಾಯುತ್ತೇನೆ" ಅಂದೆ. ಎರಡು ನಿಮಿಷ ಹೋಲ್ಡ್‌ನಲ್ಲಿ ಇಟ್ಟು ಬಂದು 67ಕ್ಕೆ ಒಪ್ಪಿದರು. ಮೇಲ್‌ನಲ್ಲೂ 67 ಅಂತಲೇ ಬಂದಿದೆ.

12 ತಿಂಗಳಾದ ಮೇಲೆ ಕಾಂಟ್ರಾಕ್ಟ್ ಮುಂದುವರಿದರೆ? ಆಗಲೂ ಇದೇ ಲೆಕ್ಕವಾ?

ವಸುಧಾ_ಮಾಜಿ_ರಿಕ್ರೂಟರ್

ಆಗ ಲೆಕ್ಕ ನಿಮ್ಮ ಕಡೆಗೆ ವಾಲುತ್ತದೆ. ಏಜೆನ್ಸಿಗೆ ಹುಡುಕುವ ಖರ್ಚಿಲ್ಲ, ಕ್ಲೈಂಟ್‌ಗೆ ನೀವು ಬೇಕು. ಆ ಹೊತ್ತಿಗೆ ಗೆರೆ ದಾಟುವ ಅನುಮತಿ ಸಿಗುವುದೂ ಸುಲಭ. ಅವಧಿ ಮುಗಿಯಲು ಎರಡು ತಿಂಗಳು ಇರುವಾಗಲೇ ಕೇಳಿ, ಕೊನೇ ವಾರದಲ್ಲಲ್ಲ. ಬಿಲ್ ರೇಟ್ ಏರಿಸುವ ಮಾತು ಏಜೆನ್ಸಿ ಮತ್ತು ಕ್ಲೈಂಟ್ ನಡುವೆ ಮೊದಲೇ ಮುಗಿದಿರುತ್ತದೆ, ನಿಮಗೆ ಯಾರೂ ಹೇಳುವುದಿಲ್ಲ.

ಮಧುಸೂದನ್_ಖರೀದಿ

ಒಂದು ಸೇರಿಸುತ್ತೇನೆ. ಕೆಲವು ಏಜೆನ್ಸಿಗಳಲ್ಲಿ ಮೊದಲ ವರ್ಷದ ನಂತರ ರಿಕ್ರೂಟರ್ ಪಾಲು ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಆಮೇಲೆ ನಿಮ್ಮನ್ನು ನೋಡಿಕೊಳ್ಳುವವರು ಅಕೌಂಟ್ ಮ್ಯಾನೇಜರ್. ಅವರ ಕಮಿಷನ್ ಆ ಕ್ಲೈಂಟ್‌ನ ಒಟ್ಟು ಮಾರ್ಜಿನ್ ಮೇಲೆ. ಸಂಬಳದ ವಿಷಯ ಹೋಗಿ ಹಳೇ ರಿಕ್ರೂಟರ್‌ಗೆ ಹೇಳಿದರೆ ಏನೂ ಆಗುವುದಿಲ್ಲ.

ಗೀತಾ_ಎನ್

ತಂಗಿಗೆ ಹೇಳಿದೆ. ಅವಳು ಹಣ ಕಟ್ಟುವುದಿಲ್ಲ ಅಂದಿದ್ದಕ್ಕೆ ಆ ಏಜೆನ್ಸಿಯವರು "ಸರಿ, ಮೊದಲ ಸಂಬಳದಲ್ಲಿ ಕೊಡಿ" ಅಂತಿದ್ದಾರೆ. ಇದಕ್ಕೆ ಏನು ಹೇಳುತ್ತೀರಿ?

ರೂಪಾ_ಆರ್

ಅದೂ ಅದೇ ಶುಲ್ಕ ಗೀತಾ ಅವರೇ, ತಾರೀಕು ಮಾತ್ರ ಬೇರೆ. ಯಾವ ಕ್ಲೈಂಟ್, ಯಾವ ಹುದ್ದೆ ಅಂತ ಕಾಗದದಲ್ಲಿ ಕೊಡಲು ಹೇಳಿ. ಕೊಟ್ಟರೆ ಇಲ್ಲಿ ಬರೆಯಿರಿ, ನೋಡೋಣ.